ನಾನೂರು ಡೆಸಿಬೆಲ್ಲಿನ ಡಬ್ಬ

ನಾನು ಡಿಪ್ಲೊಮಾ ಮುಗಿಸಿ ಮೊದಲು ಸೇರಿದ್ದು ಮೈಸೂರಿನ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಣ್ಣ ಕಾರ್ಖಾನೆಗೆ. ತೊಂಬತ್ತರ ದಶಕದ ಆರಂಭ. ಮನೆ ಮನೆಯ ತಾರಸಿಯ ಮೇಲೂ ಆಂಟೆನಾ ನಿಂತಿದ್ದ ಕಾಲ. ಚಿತ್ರ ಚುಕ್ಕೆಚುಕ್ಕೆಯಾಗಿ ಬಂದರೆ ಆಂಟೆನಾಕ್ಕೂ ಟಿವಿಗೂ ನಡುವೆ ಬೂಸ್ಟರ್ ಎಂಬ ಅಂಗೈಯಗಲದ ಡಬ್ಬ ಹಾಕುತ್ತಿದ್ದರು. ಬಡಕಲಾಗಿ ಬಂದ ಸಿಗ್ನಲ್ ಅನ್ನು ದೊಡ್ಡದು ಮಾಡಿ ಕಳಿಸುವುದು ಅದರ ಕೆಲಸ. ಆ ಡಬ್ಬಗಳನ್ನು ನಾವು ಮಾಡುತ್ತಿದ್ದೆವು. ಹತ್ತು ಹನ್ನೆರಡು ಹೆಂಗಸರು ಸೋಲ್ಡರಿಂಗ್ ಮೇಜಿನಲ್ಲಿ, ಪರೀಕ್ಷೆಯ ಮೇಜಿನಲ್ಲಿ ನಾನೊಬ್ಬಳೇ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಜಯಲಕ್ಷ್ಮಿಪುರಂನ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಓದುತ್ತಿದ್ದ ತಂಗಿ. ಮುತ್ತಜ್ಜ ಅರಮನೆಯಲ್ಲಿ ಪಂಡಿತರಾಗಿದ್ದರು ಎಂಬ ಹೆಮ್ಮೆಯೊಂದನ್ನು ಬಿಟ್ಟರೆ ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಆಯುಧಪೂಜೆ ಕಳೆದ ಮೇಲೆ ಪರೀಕ್ಷೆಯ ಮೇಜಿನ ಕೆಲಸವನ್ನು ಖಾಯಂ ಮಾಡುತ್ತೇನೆ ಎಂದು ಕಾರ್ಖಾನೆಯ ಯಜಮಾನರು ಮಾತು ಕೊಟ್ಟಿದ್ದರು. ಅಮ್ಮ ಆ ಮಾತನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಖಾಯಂ ಎಂಬ ಆ ಒಂದು ಶಬ್ದಕ್ಕಾಗಿ ನಾನು ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ, ಆದರೂ ನಿಜ. ಮಠದ ಭಕ್ತರ ಮನೆತನ, ಹಣೆಯ ಮೇಲೆ ದಿನವೂ ವಿಭೂತಿ, ತಂದೆಯ ಕಾಲದಲ್ಲಿ ದವಸದ ವ್ಯಾಪಾರ. ಇವರು ಎಲೆಕ್ಟ್ರಾನಿಕ್ಸಿಗೆ ಕೈ ಹಾಕಿದ್ದರು. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ನಾಚಿಕೆ ಇರಲಿಲ್ಲ. ಒಮ್ಮೆ ಅಂಗಡಿಯವರೊಬ್ಬರ ಮುಂದೆ ನನ್ನನ್ನು ಕರೆದು, "ನಮ್ಮ ಡಬ್ಬದ ಒಳಗೆ ಏನಾಗ್ತದೆ ಸ್ವಲ್ಪ ಹೇಳಮ್ಮ" ಎಂದರು. ಒಳಗೆ ಎರಡು ಹಂತಗಳಿವೆ, ಮೊದಲನೆಯದು ಬಂದದ್ದನ್ನು ಹತ್ತು ಪಟ್ಟು ಮಾಡುತ್ತದೆ, ಎರಡನೆಯದು ಆ ಹತ್ತನ್ನು ಮತ್ತೆ ಹತ್ತು ಪಟ್ಟು ಮಾಡುತ್ತದೆ, ಆದ್ದರಿಂದ ಗುಣಿಸಬೇಕು, ಒಟ್ಟು ನೂರು ಪಟ್ಟು ಎಂದೆ. ಯಜಮಾನರ ಮುಖ ಅರಳಿತು. ಗುಣಿಸಬೇಕು ಎಂಬುದು ಅವರ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು.

ಡಬ್ಬದ ಮೇಲೆ ನಾವು ಬರೆಯುತ್ತಿದ್ದದ್ದು ನಲವತ್ತು ಡೆಸಿಬೆಲ್. ಹಂತವೊಂದಕ್ಕೆ ಇಪ್ಪತ್ತು, ಎರಡು ಹಂತಕ್ಕೆ ನಲವತ್ತು. ಅಷ್ಟರಲ್ಲಿ ಇನ್ನೊಂದು ಊರಿನ ಕಂಪನಿಯ ಡಬ್ಬ ಬಂತು. ಅದರ ಮೇಲೆ ನೂರು ಡೆಸಿಬೆಲ್ ಎಂದಿತ್ತು. ನಮ್ಮ ಡಬ್ಬ ಅಂಗಡಿಗಳಲ್ಲಿ ಧೂಳು ಹಿಡಿಯಲು ಶುರುವಾಯಿತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಪ್ರೆಸ್ಸಿನಿಂದ ಹೊಸ ರಟ್ಟಿನ ಪೆಟ್ಟಿಗೆಗಳು ಬಂದಿದ್ದವು, ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಕೆಂಪು ಹಳದಿ ಅಕ್ಷರದಲ್ಲಿ 400 ಡೆಸಿಬೆಲ್.

"ಸಾರ್, ಸೊನ್ನೆ ಒಂದು ಜಾಸ್ತಿ ಬಿದ್ದಿದೆ" ಎಂದೆ.

"ಜಾಸ್ತಿ ಏನಿಲ್ಲ ಕಣಮ್ಮ. ಒಂದು ಹಂತಕ್ಕೆ ಇಪ್ಪತ್ತು, ಇನ್ನೊಂದಕ್ಕೆ ಇಪ್ಪತ್ತು. ಇಪ್ಪತ್ತಿಪ್ಪತ್ತಲೆ ನಾನೂರು. ಗುಣಿಸ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು? ಇಷ್ಟು ದಿನ ಸುಮ್ಮನೆ ಕೂಡಿ ಕೂಡಿ ನಷ್ಟ ಮಾಡ್ಕೊಂಡ್ಬುಟ್ವಿ."

ಅವರನ್ನು ನನ್ನ ಮೇಜಿಗೆ ಕರೆದುಕೊಂಡು ಹೋದೆ. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅಕ್ಕ ಎಂದರೆ ಸೋಲ್ಡರಿಂಗ್ ಮೇಜಿನವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಗಂಡ ಬಿಟ್ಟು ಹೋಗಿದ್ದ. ರಾಜೀವನಗರದ ತವರುಮನೆಯಲ್ಲಿ ಒಂದನೇ ಕ್ಲಾಸಿನ ಮಗಳನ್ನು ಇಟ್ಟುಕೊಂಡಿದ್ದಳು. ಬಿಡುವಿನಲ್ಲಿ ಅವಳಿಗೆ ನನ್ನ ಕೆಲಸ ಕಲಿಸಿಕೊಟ್ಟಿದ್ದೆ. ನನ್ನ ಊಟದ ಡಬ್ಬಿಯಲ್ಲಿ ಅರ್ಧ ಅವಳದು, ಅವಳದರಲ್ಲಿ ಅರ್ಧ ನನ್ನದು.

ಪರೀಕ್ಷೆ ಸರಳವಾದದ್ದು. ಒಂದು ಯಂತ್ರದಿಂದ ಸಣ್ಣ ಸಿಗ್ನಲ್ ಹೊರಡುತ್ತದೆ. ಅದು ಸ್ವಿಚ್ಚುಗಳ ಪೆಟ್ಟಿಗೆಯೊಂದನ್ನು ಹಾದು ಮೀಟರಿಗೆ ಬರುತ್ತದೆ. ಆ ಪೆಟ್ಟಿಗೆಯದು ಬೂಸ್ಟರಿನ ತದ್ವಿರುದ್ಧ ಕೆಲಸ. ಇಪ್ಪತ್ತರ ಸ್ವಿಚ್ ಒತ್ತಿದರೆ ಸಿಗ್ನಲ್ ಹತ್ತನೇ ಒಂದು ಪಾಲಾಗುತ್ತದೆ. ಮೊದಲು ಎಲ್ಲ ಸ್ವಿಚ್ ತೆಗೆದು, ಬೂಸ್ಟರ್ ಇಲ್ಲದೆ ಮೀಟರಿನ ಮುಳ್ಳು ಎಲ್ಲಿ ನಿಂತಿತೆಂದು ಯಜಮಾನರ ಕೈಯಲ್ಲೇ ಪೆನ್ಸಿಲ್ ಗುರುತು ಹಾಕಿಸಿದೆ. ಆಮೇಲೆ ಒಂದೇ ಹಂತವಿದ್ದ ಬೋರ್ಡನ್ನು ನಡುವೆ ಸೇರಿಸಿದೆ. ಮುಳ್ಳು ಬಲಕ್ಕೆ ಹಾರಿತು. ಇಪ್ಪತ್ತರ ಸ್ವಿಚ್ ಒಂದನ್ನು ಒತ್ತಿದೆ. ಮುಳ್ಳು ಪೆನ್ಸಿಲ್ ಗುರುತಿಗೆ ವಾಪಸು ಬಂತು.

"ಈಗ ಎರಡು ಹಂತದ್ದು ನೋಡಿ ಸಾರ್" ಎಂದೆ. ಮುಳ್ಳು ಮತ್ತೆ ಹಾರಿತು. ಒಂದು ಇಪ್ಪತ್ತು ಒತ್ತಿದರೆ ಗುರುತಿಗೆ ಬರಲಿಲ್ಲ. ಇನ್ನೊಂದು ಇಪ್ಪತ್ತು ಒತ್ತಿದೆ. ಬಂತು. "ಇಪ್ಪತ್ತರ ಮೇಲೆ ಇಪ್ಪತ್ತು, ನಲವತ್ತು. ಈ ಪೆಟ್ಟಿಗೆಯ ಅಷ್ಟೂ ಸ್ವಿಚ್ ಒತ್ತಿದರೂ ಎಂಬತ್ತು ದಾಟಲ್ಲ. ನಾನೂರು ಎಲ್ಲಿಂದ ತರಲಿ?"

"ಮತ್ತೆ ಗುಣಿಸೋದು ಅಂದದ್ದು?"

"ಗುಣಿಸೋದು ಪಟ್ಟುಗಳನ್ನ ಸಾರ್. ಹತ್ತಕ್ಕೆ ಒಂದು ಸೊನ್ನೆ. ಹತ್ತನ್ನು ಹತ್ತರಿಂದ ಗುಣಿಸಿದ್ರೆ ನೂರು, ಅದಕ್ಕೆ ಎರಡು ಸೊನ್ನೆ. ಸಂಖ್ಯೆಯನ್ನ ಗುಣಿಸಿದ್ರಿ, ಸೊನ್ನೆಗಳು ತಾವೇ ಕೂಡಿಕೊಂಡವು. ಡೆಸಿಬೆಲ್ ಅಂದ್ರೆ ಆ ಸೊನ್ನೆಗಳ ಲೆಕ್ಕ, ಅಷ್ಟೇ. ವೋಲ್ಟೇಜಿನಲ್ಲಿ ಸೊನ್ನೆಯೊಂದಕ್ಕೆ ಇಪ್ಪತ್ತು. ನಾನೂರು ಅಂದ್ರೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಆಂಟೆನಾದಿಂದ ಬರೋದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂತಲೇ ಇಟ್ಕೊಳ್ಳಿ, ಟಿವಿಗೆ ನೂರು ಲಕ್ಷ ಕೋಟಿ ವೋಲ್ಟ್ ಹೋಗ್ಬೇಕು. ನಾವು ಡಬ್ಬಕ್ಕೆ ಕೊಡ್ತಿರೋದೇ ಹದಿನೈದು ವೋಲ್ಟ್."

ಯಜಮಾನರು ಮೀಟರಿನ ಹತ್ತಿರ ಬಗ್ಗಿದರು. ಸ್ವಿಚ್ಚುಗಳನ್ನು ತಾವೇ ಒಂದು ಸಲ ಒತ್ತಿ, ತೆಗೆದು, ಮತ್ತೆ ಒತ್ತಿದರು. ಪೂರ್ತಿ ಅರ್ಥವಾಗಿತ್ತು. ನನ್ನ ಜೊತೆ ಡಿಪ್ಲೊಮಾ ಓದಿದ ಎಷ್ಟೋ ಮಂದಿಗೆ ಅಷ್ಟು ಅರ್ಥವಾಗಿರಲಿಲ್ಲ. ನನಗೆ ಗೆದ್ದೆ ಎನಿಸಿತು. ದಡ್ಡಿ.

"ಸರಿ ಕಣಮ್ಮ, ನೀನು ಹೇಳಿದ್ದು ಸರಿ. ಗೊತ್ತಾಯ್ತು" ಎಂದರು. ಪೇರಿಸಿದ್ದ ಪೆಟ್ಟಿಗೆಗಳ ಕಡೆ ನೋಡಿದರು. "ಆದ್ರೆ ಗಿರಾಕಿ ಈ ಮುಳ್ಳು ನೋಡಲ್ಲ, ಪೆಟ್ಟಿಗೆ ನೋಡ್ತಾನೆ. ಅವನ ಮನೇಲಿ ಚಿತ್ರ ಚೆನ್ನಾಗಿ ಬರ್ತದೆ ತಾನೆ? ಮತ್ತೆ ಯಾರಿಗೆ ಏನು ಅನ್ಯಾಯ ಆಯ್ತು? ಒಳಗಿನ ಚೀಟೀಲೂ ನಾನೂರು ಅಂತಲೇ ಬರ್ದುಬುಡು. ಹೊರಗೊಂದು ಒಳಗೊಂದು ಇರಬಾರ್ದು."

ಪ್ರತಿ ಡಬ್ಬದೊಳಗೆ ಒಂದು ಸಣ್ಣ ಚೀಟಿ ಅಂಟಿಸುತ್ತಿದ್ದೆವು. ಅಳೆದ ಗೇನ್, ಅಂದರೆ ಸಿಗ್ನಲ್ ದೊಡ್ಡದಾದ ಪ್ರಮಾಣ, ಎಷ್ಟು ಡೆಸಿಬೆಲ್ ಎಂದು; ಕೆಳಗೆ ಅಳೆದವರ ಸಹಿ. ಆ ಸಹಿ ನನ್ನದು. ಬರೆಯಲಾರೆ ಎಂದೆ. ಗದರಲಿಲ್ಲ ಅವರು. ಒಂದು ಸಲ ಗದರಿದ್ದರೆ ನನ್ನ ಸಿಟ್ಟಿಗಾದರೂ ಒಂದು ಮರ್ಯಾದೆ ಇರುತ್ತಿತ್ತು. "ಆಯ್ತು ಬಿಡಮ್ಮ, ಬಲವಂತ ಇಲ್ಲ. ನಾಳೆಯಿಂದ ಪ್ಯಾಕಿಂಗ್ ನೋಡ್ಕೋ" ಎಂದು ಹೊರಟುಹೋದರು.

ಮರುದಿನ ನನ್ನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ನಾನು ಕಲಿಸಿದ ಹಾಗೆಯೇ ಮುಳ್ಳನ್ನು ಗುರುತಿಗೆ ತರುತ್ತಿದ್ದಳು. ಇಪ್ಪತ್ತು ಒತ್ತಿ, ಇಪ್ಪತ್ತು ಒತ್ತಿ, ನಾನೂರು ಎಂದು ಬರೆದು ಸಹಿ ಹಾಕುತ್ತಿದ್ದಳು. ಅಳತೆಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಗೇನ್ ಕಮ್ಮಿ ಬಂದ ಡಬ್ಬವನ್ನು ಕಟ್ಟುನಿಟ್ಟಾಗಿ ವಾಪಸು ಕಳಿಸುತ್ತಿದ್ದಳು. ಮೂವತ್ತಾರು ಬಂದರೆ ಆಗುವುದಿಲ್ಲ ಎನ್ನುವಳು, ನಲವತ್ತು ಬಂದರೆ ನಾನೂರು ಎಂದು ಬರೆಯುವಳು. ಅವಳು ಬರೆದದ್ದನ್ನು ನಾನು ಪೆಟ್ಟಿಗೆಗೆ ತುಂಬಿ ಟೇಪು ಹಚ್ಚುತ್ತಿದ್ದೆ.

ಊಟದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಅಕ್ಕ, ಗೊತ್ತಿದ್ದೂ ಹೆಂಗೆ ಬರೀತೀಯ?"

"ನಿಂಗೆ ಸರಿ ಅನ್ನೋದೇ ಊಟ ಕಣೆ. ನನ್ ಮಗಳಿಗೆ ಅನ್ನ ಬೇಕು" ಎಂದಳು. ಡಬ್ಬಿಯ ಮುಚ್ಚಳದಲ್ಲಿ ನನ್ನ ಪಾಲನ್ನು ಹಾಕಿ ಮುಂದೆ ತಳ್ಳಿದಳು. ನಾನು ತಿನ್ನಲಿಲ್ಲ. ನಮ್ಮ ಮನೆಯಲ್ಲೂ ಅನ್ನ ನನ್ನ ಸಂಬಳದಿಂದಲೇ ಬೇಯುತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಆಯುಧಪೂಜೆಯ ದಿನ ಮೀಟರಿಗೆ, ಸ್ವಿಚ್ಚಿನ ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೂವಿಟ್ಟರು. ಮಾರನೆಯ ವಾರ ಪರೀಕ್ಷೆಯ ಮೇಜಿನ ಕೆಲಸ ಖಾಯಂ ಆಯಿತು, ಅಕ್ಕನಿಗೆ. ಯಜಮಾನರು ಕೊಟ್ಟ ಮಾತಿಗೆ ತಪ್ಪಿದರು ಎನ್ನುವಂತೆಯೂ ಇಲ್ಲ. ಅವರು ಮಾತು ಕೊಟ್ಟದ್ದು ಮೇಜಿಗೆ. ನಾನು ಕೆಲಸ ಬಿಟ್ಟೆ. ಅಮ್ಮ ಒಂದು ತಿಂಗಳು ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. "ನಾಲ್ಕು ಅಕ್ಷರ ಬರೆಯೋಕೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಒಮ್ಮೆ ಕೇಳಿದಳು, ಪಂಡಿತರ ಮೊಮ್ಮಗಳು. ನಾನೂರರ ಪೆಟ್ಟಿಗೆ ಮಾತ್ರ ಊರೆಲ್ಲ ಮಾರಾಟವಾಯಿತು. ಒಂದೇ ಒಂದು ದೂರು ಬರಲಿಲ್ಲವಂತೆ. ಚಿತ್ರ ಚೆನ್ನಾಗಿ ಬರುತ್ತಿತ್ತಲ್ಲ.

ಆಮೇಲೆ ನಾನು ಸಂಜೆ ಕಾಲೇಜಿನಲ್ಲಿ ಓದಿ, ಖಾಸಗಿ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳಲು ಸೇರಿದೆ. ಅರೆಕಾಲಿಕ. ಪ್ರತಿ ಜೂನಿನಲ್ಲಿ ಕರೆಯುತ್ತಿದ್ದರು, ಪ್ರತಿ ಬೇಸಿಗೆಗೆ ಬಿಡಿಸುತ್ತಿದ್ದರು. ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿ ಊರಿಗೆಲ್ಲ ಕೇಬಲ್ ಬಂದಿತ್ತು. ಶ್ರೀರಾಂಪುರದ ಕಡೆ ಹೊಸ ಬಡಾವಣೆಗಳಲ್ಲಿ ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಆಂಟೆನಾ.

ಒಂದು ವರ್ಷ ಎರಡನೇ ವರ್ಷದ ತರಗತಿಯಲ್ಲಿ ಆಂಪ್ಲಿಫೈಯರ್ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಎರಡು ಚೌಕ ಬರೆದು, ಒಳಗೆ ಹತ್ತು, ಹತ್ತು ಎಂದು ಹಾಕಿದೆ. ಪಟ್ಟುಗಳನ್ನು ಗುಣಿಸಿ, ಡೆಸಿಬೆಲ್ ಕೂಡಿ, ನೂರು ಪಟ್ಟು ಅಂದರೆ ನಲವತ್ತು ಡೆಸಿಬೆಲ್ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ನಮ್ಮನೇಲಿ ಒಂದು ಹಳೇ ಬೂಸ್ಟರ್ ಇದೆ. ಅದ್ರಲ್ಲೂ ಎರಡೇ ಸ್ಟೇಜ್. ನಾನೂರು ಡೆಸಿಬೆಲ್ ಅಂತ ಚೀಟಿ ಇದೆ. ನಮ್ಮಮ್ಮನೇ ಟೆಸ್ಟ್ ಮಾಡಿ ಸೈನ್ ಹಾಕಿರೋದು."

ಮನೆ ಎಲ್ಲಿ ಎಂದು ಕೇಳಿದೆ. ಮೊದಲು ರಾಜೀವನಗರ, ಈಗ ಶ್ರೀರಾಂಪುರದಲ್ಲಿ ಸ್ವಂತ ಮನೆ ಎಂದಳು. ಮುಖದಲ್ಲಿ ಅಮ್ಮನ ಬಗ್ಗೆ ಎಷ್ಟು ಹೆಮ್ಮೆ! ಇಷ್ಟು ವರ್ಷ ಅಕ್ಕನಿಗೆ ಎಂದು ಎತ್ತಿಟ್ಟುಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ತರಗತಿಯ ಎದುರಲ್ಲೇ ಆಡಿಬಿಡಬಹುದಿತ್ತು. "ನಿಮ್ಮಮ್ಮನ್ನೇ ಕೇಳು. ಕೂಡ್ಬೇಕೋ ಗುಣಿಸ್ಬೇಕೋ ಅವರಿಗೆ ಚೆನ್ನಾಗಿ ಗೊತ್ತು" ಎಂದಷ್ಟೇ ಹೇಳಿದೆ. ನನ್ನ ಹೆಸರನ್ನೂ ಹೇಳು ಎಂದೆ. ಆ ರಾತ್ರಿ ಅವಳ ಮನೆಯಲ್ಲಿ ಯಾರಾದರೂ ತಲೆ ತಗ್ಗಿಸಲಿ ಎಂದು ನನಗೆ ಆಸೆ ಇತ್ತು.

ಮರುದಿನ ಹುಡುಗಿ ನಗುನಗುತ್ತಾ ಬಂದಳು.

"ಮಿಸ್, ಅಮ್ಮಂಗೆ ನೀವು ಚೆನ್ನಾಗಿ ಗೊತ್ತಂತೆ. ಲೆಕ್ಕ ಕಲಿಸಿದ್ದೇ ನೀವಂತೆ. ನೀವು ಹೇಳಿದ್ದೇ ಸರಿಯಂತೆ. ಪರೀಕ್ಷೇಲಿ ಮಿಸ್ ಹೇಳ್ದಂಗೆ ಕೂಡು, ಕೆಲಸಕ್ಕೆ ಸೇರಿದ್ಮೇಲೆ ಯಜಮಾನ್ರು ಹೇಳ್ದಂಗೆ ಬರಿ ಅಂದ್ರು."

ಬೋರ್ಡಿನ ಮೇಲೆ ನಿನ್ನೆಯ ಎರಡು ಚೌಕ ಇನ್ನೂ ಹಾಗೇ ಇದ್ದವು. ಡಸ್ಟರ್ ತೆಗೆದುಕೊಂಡೆ.

"ಇನ್ನೊಂದು ಕೇಳು ಅಂದ್ರು ಮಿಸ್. ನಿಮ್ ಮಿಸ್‌ಗೆ ಖಾಯಂ ಆಯ್ತಾ ಅಂತ."

"ಇಲ್ಲ ಅಂತ ಹೇಳು" ಎಂದೆ.