ಜಾವಕ ಪುಸ್ತಕಕ್ಕೆ ನಾನು ಕೊಟ್ಟ ಹೆಸರು

ಯಶವಂತನಗರದ ಕಡೆಯ ಒಂದು ಗಣಿ ಕಂಪನಿಯಲ್ಲಿ ನಾನು ಸಿಬ್ಬಂದಿ ವಿಭಾಗದ ಅಧಿಕಾರಿ. ಹೊಸಪೇಟೆಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಂಪನಿಯೊಳಗೆ ಅಕ್ರಮ ಕಂಡರೆ ನೌಕರರು ಹೇಗೆ ದೂರು ಕೊಡಬೇಕು ಎಂದು ಹೇಳುವ ವಿಸಲ್‌ಬ್ಲೋವರ್ ನೀತಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು. ಕ್ಯಾಂಟೀನಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವವರ ಮುಂದೆ ನಿಂತು ಅದನ್ನು ವಿವರಿಸಿದವನೂ ನಾನೇ. ಅರ್ಧ ಜನ ಮೊಬೈಲು ನೋಡುತ್ತಿದ್ದರು. ನನಗೂ ಅಂಥ ಉಮೇದಿರಲಿಲ್ಲ. ಹಾಜರಿ ಹಾಳೆಗೆ ಸಹಿ ಬಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು.

ಆ ಮೊಬೈಲು ನೋಡದ ಅರ್ಧದಲ್ಲಿ ಒಬ್ಬ ಫಿಟ್ಟರ್ ಇದ್ದ. ಕಂಪ್ಲಿ ಕಡೆಯವನು, ನಲವತ್ತು ದಾಟಿದವನು, ಡಂಪರ್‌ಗಳ ಬ್ರೇಕು ನೋಡುವವನು. ಎರಡು ದಿನ ಬಿಟ್ಟು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ.

"ಸರ, ನೀವು ಅವತ್ತು ಓದಿದ್ದು ಖರೇ ಏನ್ರಿ? ಹೆಸರು ಹೊರಗ ಬರಂಗಿಲ್ಲ?"

"ಖರೇನ ಐತಿ. ಕುಂದ್ರು," ಎಂದೆ.

ಅವನು ಹೇಳಿದ್ದು ಇಷ್ಟು. ಪ್ರತಿ ಪಾಳಿ ಶುರುವಾಗುವ ಮೊದಲು ಡಂಪರನ್ನು ಇಳಿಜಾರಿಗೆ ಒಯ್ದು ಬ್ರೇಕು ಪರೀಕ್ಷಿಸಿ ಹಾಳೆ ತುಂಬಬೇಕು. ಅವರ ಫೋರ್‌ಮನ್ನು ವಾರದ ಹಾಳೆಗಳನ್ನೆಲ್ಲ ಸೋಮವಾರವೇ ತುಂಬಿಸಿ ಸಹಿ ಹಾಕಿಸುತ್ತಿದ್ದ. ಗಾಡಿ ನಿಂತರೆ ಅದಿರು ನಿಲ್ಲುತ್ತದೆ ಎನ್ನುವುದು ಅವನ ವಾದ. ಹೋದ ತಿಂಗಳು ಒಂದು ಡಂಪರು ಹಿಂದಕ್ಕೆ ಜಾರಿ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತ್ತು. ಆ ದಿಬ್ಬ ಅಲ್ಲಿರದಿದ್ದರೆ ಚಾಲಕ ಉಳಿಯುತ್ತಿರಲಿಲ್ಲ.

ನಾನು ನೀತಿಯ ಪ್ರಕಾರ ಎಲ್ಲ ಹೇಳಿದೆ. ದೂರು ನನಗಲ್ಲ, ಬೆಂಗಳೂರಿನಲ್ಲಿರುವ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೆ ಹೋಗಬೇಕು. ನಡೆದದ್ದನ್ನು ಒಂದು ಕಾಗದದಲ್ಲಿ ಬರೆಯಬೇಕು, ತನ್ನ ಹೆಸರನ್ನು ಬೇರೆ ಕಾಗದದಲ್ಲಿ. ಅಧ್ಯಕ್ಷರು ಹೆಸರಿನ ಕಾಗದ ತಮ್ಮ ಹತ್ತಿರ ಇಟ್ಟುಕೊಂಡು ದೂರನ್ನು ಮಾತ್ರ ವಿಚಾರಣೆಗೆ ಕೊಡುತ್ತಾರೆ. ದೂರು ಕೊಟ್ಟವನನ್ನೂ ಸಾಕ್ಷಿ ಹೇಳಿದವನನ್ನೂ ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ, ಎತ್ತಂಗಡಿ ಮಾಡುವಂತಿಲ್ಲ, ಬಡ್ತಿ ತಡೆಯುವಂತಿಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಮಾತ್ರ ಶಿಕ್ಷೆ. ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. ಮರುದಿನ ಅಂಟಿಸಿದ ಕವರು ತಂದು ನನ್ನ ಮೇಜಿನ ಮೇಲಿಟ್ಟ.

"ನೀವಾ ಕಳಸ್ರಿ ಸರ. ನಿಮ್ಮ ಮ್ಯಾಲ ಭರೋಸ ಐತಿ."

ಆಗ ಅವನಿಗೆ ಹೇಳಬೇಕಿತ್ತು, ನೀನೇ ಸಂಡೂರಿಗೆ ಹೋಗಿ ಅಂಚೆಗೆ ಹಾಕು ಅಂತ. ಹೇಳಲಿಲ್ಲ. ಕವರನ್ನು ಉಳಿದ ಕಾಗದಗಳ ಜೊತೆ ತೆಗೆದುಕೊಂಡು ಹೋಗಿ ತಪಾಲು ಮೇಜಿನ ಮೇಲೆ ಇಟ್ಟೆ. ನಮ್ಮ ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದವನ್ನೂ ಜಾವಕ ಪುಸ್ತಕದಲ್ಲಿ ಬರೆಯಬೇಕು. ಯಾರಿಂದ, ಯಾರಿಗೆ ಎರಡೂ ತುಂಬದೆ ನಮ್ಮ ಗುಮಾಸ್ತರು ಸಾಕ್ಷಾತ್ ಮಾಲೀಕರ ಕಾಗದವನ್ನೂ ಚೀಲಕ್ಕೆ ಹಾಕುವವರಲ್ಲ.

"ಇದು ಯಾರ ಕಡೇದ್ರಿ ಸರ್?" ತಲೆ ಎತ್ತದೆ ಕೇಳಿದರು.

ನಾನು ಫಿಟ್ಟರನ ಹೆಸರು ಹೇಳಿದೆ, ವಿಭಾಗವನ್ನೂ ಹೇಳಿದೆ. ಹನ್ನೆರಡು ವರ್ಷದಿಂದ ಪ್ರತಿ ಕಾಗದಕ್ಕೂ ಹೇಳಿದ ಹಾಗೆಯೇ ಬಾಯಿಂದ ಬಂತು. ಹೇಳಿದೆನೆಂಬುದೂ ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಆ ಪುಸ್ತಕ ಮುಂದಿನ ಕೋಣೆಯಲ್ಲಿ ತೆರೆದೇ ಬಿದ್ದಿರುತ್ತದೆ. ತಮ್ಮ ಕಾಗದ ಹೋಯಿತೋ ಇಲ್ಲವೋ ಎಂದು ಎಲ್ಲರೂ ಪುಟ ತಿರುವುತ್ತಾರೆ. ಬಿಡಿಭಾಗಗಳ ಪತ್ರ ಹೋಯಿತೇ ಎಂದು ನೋಡಲು ಫೋರ್‌ಮನ್ನು ಬಂದ. ಒಬ್ಬ ಫಿಟ್ಟರು ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೆ ಬರೆದಿದ್ದಾನೆ ಎಂದು ಅಲ್ಲಿ ದುಂಡಗೆ ಬರೆದಿತ್ತು. ಕವರು ಬೆಂಗಳೂರು ಮುಟ್ಟುವ ಮೊದಲೇ ಫಿಟ್ಟರನನ್ನು ಬ್ರೇಕು ಬಿಡಿಸಿ ಗಾಡಿ ತೊಳೆಯುವ ಕಡೆ ಹಾಕಿದರು.

ಅವನು ಒದ್ದೆ ಪ್ಯಾಂಟಿನಲ್ಲೇ ನನ್ನ ಹತ್ತಿರ ಬಂದ. "ಕವರು ಯಾರ ಕೈಯಾಗ ಕೊಟ್ಟಿದ್ರಿ?"

ಇದ್ದದ್ದನ್ನು ಹೇಳಿದೆ. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೇಡಿನಿಂದ ಕೆಲಸ ಬದಲಿಸಿದ್ದಾರೆ ಎಂದು ಅದೇ ಅಧ್ಯಕ್ಷರಿಗೆ ಮತ್ತೊಂದು ದೂರು ಕೊಡಬಹುದು ಎಂದೆ. ಈ ಸಲ ಅವನೇ ಸಂಡೂರಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ನಾನು ಊಟ ಮಾಡುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಮನಸ್ಸು ಜೋಮು ಹಿಡಿದಿತ್ತು.

ಸಮಿತಿ ಮುಖ್ಯ ಕಚೇರಿಯಿಂದ ಒಬ್ಬ ವಿಚಾರಣಾಧಿಕಾರಿಯನ್ನು ಕಳಿಸಿತು. ಕನ್ನಡ ಬಾರದ ಹೆಂಗಸು, ಚುರುಕು ಕಣ್ಣು. ಬಂದವರೆಲ್ಲ ಮೊದಲು ಹಂಪಿ ನೋಡಲು ಹೋಗುವವರೇ, ಈಕೆ ಹೋಗಲಿಲ್ಲ. ಫೋರ್‌ಮನ್ನಿಗೆ ಆರೋಪವನ್ನು ಬರಹದಲ್ಲಿ ಕೊಟ್ಟು ಉತ್ತರಕ್ಕೆ ಸಮಯ ಕೊಟ್ಟರು. ವರ್ಕ್‌ಶಾಪಿನ ದಾಖಲೆ ತರಿಸಿ ಬ್ರೇಕಿನ ಹಾಳೆಗಳ ಪಕ್ಕ ಇಟ್ಟರು. ಚಕ್ರ ಬಿಚ್ಚಿ ನಿಲ್ಲಿಸಿದ್ದ ಡಂಪರಿನ ಬ್ರೇಕು ಕೂಡ ಅವತ್ತು ಸರಿಯಿದೆ ಎಂದು ಹಾಳೆಯಲ್ಲಿ ಬರೆದಿತ್ತು. ಅಲ್ಲಿಗೆ ಫೋರ್‌ಮನ್ನಿನ ಕತೆ ಮುಗಿಯಿತು.

ಉಳಿದದ್ದು ಹೆಸರು ಹೇಗೆ ಹೊರಬಿತ್ತು ಎನ್ನುವುದು. ಗುಟ್ಟು ಬಿಟ್ಟುಕೊಟ್ಟವನಿಗೂ ನೀತಿಯಲ್ಲಿ ಶಿಕ್ಷೆಯಿದೆ. ಸಾಕ್ಷಿಗಳು ಯಾರ ಕಣ್ಣಿಗೂ ಬೀಳದಿರಲೆಂದು ವಿಚಾರಣೆಯನ್ನು ಹೊಸಪೇಟೆಯ ಗೆಸ್ಟ್ ಹೌಸಿನಲ್ಲಿ ಇಟ್ಟಿದ್ದರು. ಭಾಷಾಂತರಕ್ಕೆ ನಾನು. ಈ ವಿಷಯದಲ್ಲಿ ನಿಮಗೇನಾದರೂ ಸಂಬಂಧವಿದೆಯೇ ಎಂದು ಅಧಿಕಾರಿ ಮೊದಲೇ ಕೇಳಿದರು. ಸಂಬಂಧವಿರುವವರು ವಿಚಾರಣೆಯಿಂದ ದೂರವಿರಬೇಕು ಎನ್ನುವ ಸಾಲನ್ನು ಕನ್ನಡಕ್ಕೆ ತಂದದ್ದು ನಾನೇ. ಇಲ್ಲ ಎಂದೆ.

ಫಿಟ್ಟರ್ ಒಳಗೆ ಬಂದು ಕೂತ. ಅಧಿಕಾರಿ ಜಾವಕ ಪುಸ್ತಕದ ಪುಟ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಅದನ್ನೇ ಅವನಿಗೆ ಹೇಳಿದೆ: "ಈ ಕವರು ತಪಾಲಿಗೆ ಕೊಟ್ಟವರು ಯಾರು?"

ಅವನು ನನ್ನನ್ನೇ ನೋಡಿದ. ನಾನು ಪೆನ್ನು ಹಿಡಿದಿದ್ದೆ.

"ನಾನಾ ಕೊಟ್ಟೀನ್ರಿ," ಎಂದ. "ಹೆಸರೂ ನಾನಾ ಹೇಳೀನಿ. ಗೊತ್ತಾಗಲಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಂದೆ, ಒಂದು ಪದವೂ ಹೆಚ್ಚುಕಡಿಮೆಯಾಗದಂತೆ. ಅವನು ಹೇಳಿದ್ದು ಇಷ್ಟೇನಾ ಎಂದು ಅಧಿಕಾರಿ ಕೇಳಿದರು. ಇಷ್ಟೇ ಎಂದೆ. ಹೇಳಿಕೆಯ ಕೆಳಗೆ, ಭಾಷಾಂತರ ಸರಿಯಾಗಿದೆ ಎನ್ನುವ ಸಾಲಿಗೆ ಸಹಿ ಹಾಕಿದೆ. ಗುಮಾಸ್ತರನ್ನು ಕರೆದು ಕೇಳುವ ಅಗತ್ಯ ಆಮೇಲೆ ಯಾರಿಗೂ ಕಾಣಲಿಲ್ಲ.

ವರದಿ ಬಂದಾಗ ಅವನ ಎರಡೂ ದೂರು ನಿಜವೆಂದು ಬರೆದಿತ್ತು. ಫೋರ್‌ಮನ್ನನ್ನು ತೆಗೆದರು, ಫಿಟ್ಟರನನ್ನು ಬ್ರೇಕಿನ ಕೆಲಸಕ್ಕೆ ಮರಳಿ ಹಾಕಿದರು. ಹೆಸರು ಹೊರಬಿದ್ದದ್ದು ದೂರುದಾರನ ಸ್ವಂತ ಅಜಾಗರೂಕತೆಯಿಂದ ಎಂದೂ ಒಂದು ಸಾಲಿತ್ತು. ಆ ಸಾಲು ಅವನ ಕಡತದಲ್ಲಿ ಈಗಲೂ ಇದೆ. ಆ ಕಡತ ನನ್ನ ಬೀರುವಿನಲ್ಲಿದೆ.

ವಿಚಾರಣೆಯ ದಿನ ಗೆಸ್ಟ್ ಹೌಸಿನಿಂದ ಹೊರಬಿದ್ದ ಮೇಲೆ ಅವನು ಕಂಪ್ಲಿ ಬಸ್ಸಿಗೆ ನಿಂತಿದ್ದ. ಹತ್ತಿರ ಹೋದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳುವ ಮೊದಲೇ ಅವನೇ ಮಾತು ತೆಗೆದ.

"ನಿಮ್ಮನ್ನ ತೆಗದ್ರ ಆ ಕುರ್ಚಿಗೆ ಅವರ ಕಡೆಯವನ್ನ ತಂದು ಕುಂದ್ರಸ್ತಾರ್ರಿ. ಆಮ್ಯಾಲ ನಮ್ಮಂಥವ್ರು ಯಾರತ್ರ ಹೋಗಬೇಕು?"

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ.

"ಇನ್ನೊಬ್ಬಂವ ಬಂದ್ರ, ಕವರು ನೀವು ಇಸ್ಕೋಬ್ಯಾಡ್ರಿ ಸರ. ಅವನ ಕೈಲೇ ಹಾಕಸ್ರಿ."

"ಆತು," ಎಂದೆ.