ಕರ್ಪೂರ ತಿಳಿಯದ ಮೂಗು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಭಾಲ್ಕಿಯ ಒಂದು ಸಣ್ಣ ದವಾಖಾನೆಯಲ್ಲಿ ಕೆಲಸಕ್ಕೆ ನಿಂತೆ. ಅದುವರೆಗೆ ಉರ್ದುವಿನಲ್ಲಿದ್ದ ಬಾಟಲಿ ಚೀಟಿಗಳನ್ನು ಕನ್ನಡದಲ್ಲಿ ಬರೆಯಬೇಕಿತ್ತು. ಬಿ.ಎ. ಓದಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ‘ದಿನಕ್ಕೆ ಮೂರು ಸಲ’ ಎಂದು ಬರೆದು ಬರೆದು, ಮಧ್ಯಾಹ್ನದ ಹೊತ್ತಿಗೆ ಅದು ಯಾವ ಭಾಷೆಯೆಂದೇ ತಿಳಿಯುತ್ತಿರಲಿಲ್ಲ.

ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಕಾಂಪೌಂಡರ್ ಜಾಡಿಯಿಂದ ಔಷಧ ಸುರಿಯುತ್ತಿದ್ದರು. ನಾನು ಚೀಟಿ ಬರೆದು ಅಂಟಿಸುತ್ತಿದ್ದೆ. ಔರಾದದ ನರ್ಸಮ್ಮ ಕಿಟಕಿಯಲ್ಲಿ ನಿಂತು ಹೆಸರು ಕರೆದು ಕೊಡುತ್ತಿದ್ದರು.

“ಕಾಕಾ, ತಾಸಿಗೊಮ್ಮೆ ಜಾಗಾ ಬದಲಿ ಮಾಡೋಣ್ರಿ. ಒಂದೇ ಕೆಲಸ ಮಾಡಿದ್ರ ಕಣ್ಣು ತೆರೆದಿದ್ರೂ ನಿದ್ದಿ ಬರ್ತದ,” ಎಂದು ನರ್ಸಮ್ಮ ಕಾಂಪೌಂಡರಿಗೆ ಹಲವು ಸಲ ಹೇಳಿದ್ದರು. ಔಷಧ ಸುರಿಯಲು ಅವರಿಗೂ ತರಬೇತಿಯಿತ್ತು. ನನಗೆ ಆ ಅಧಿಕಾರವಿರಲಿಲ್ಲ, ಚೀಟಿ ಮತ್ತು ಕಿಟಕಿ ಮಾತ್ರ.

“ನಿಜಾಮರ ಕಾಲದಿಂದ ಸುರೀತೇನಿ, ನರ್ಸಬಾಯಿ. ಕೈಗೇ ಗೊತ್ತದ,” ಎನ್ನುತ್ತಿದ್ದರು ಕಾಂಪೌಂಡರ್.

ವಾಂತಿಭೇದಿ ಹೆಚ್ಚಿದ್ದ ಒಂದು ದಿನ ಸಾಲು ಬಾವಿಕಟ್ಟೆಯವರೆಗೆ ಬೆಳೆಯಿತು. ಬೆಳಿಗ್ಗೆಯಿಂದ ಎಲ್ಲರಿಗೂ ಅದೇ ಸುಣ್ಣದ ನೀರಿನಂಥ ಬಿಳಿ ಔಷಧ. ನಡುವೆ ಮೊಣಕಾಲು ನೋವಿನ ಮುದುಕರೊಬ್ಬರು ಬಂದರು. ಕಾಂಪೌಂಡರ್ ಹಚ್ಚುವ ಎಣ್ಣೆಯ ಜಾಡಿ ಇಳಿಸಿ ಅವರಿಗೆ ಕೊಟ್ಟರು, ಜಾಡಿಯನ್ನು ಮೇಜಿನ ಮೇಲೇ ಬಿಟ್ಟರು. ಅದೂ ಬೆಳ್ಳಗೇ ಇರುತ್ತಿತ್ತು.

ಹನ್ನೆರಡು ಹೊಡೆಯಿತು. “ಇವತ್ತರ ಏಳ್ರಿ ಕಾಕಾ,” ಎಂದು ನರ್ಸಮ್ಮ ಒಳಗೆ ಬಂದರು. “ಈ ಕೂಸಿಂದು ತುಂಬಿದ್ದೇನಿ, ಇದೊಂದು ಮುಗೀಲಿ,” ಎಂದರು ಕಾಂಪೌಂಡರ್. ಮುದುಕರ ನಂತರದ ಸರದಿ ಹಲಬರ್ಗಾದ ತಾಯಿಯೊಬ್ಬಳ ಎರಡು ವರ್ಷದ ಕೂಸಿನದು, ಭೇದಿ. ನಾನು ಆಗಲೇ ‘ಒಂದೊಂದು ಚಮಚ ಕುಡಿಸಬೇಕು’ ಎಂದು ಅಂಟಿಸಿದ್ದೆ.

ಬೆಳಿಗ್ಗೆಯಿಂದ ಕಿಟಕಿಯ ಗಾಳಿಯಲ್ಲಿ ನಿಂತಿದ್ದ ನರ್ಸಮ್ಮ ಬಾಟಲಿಯನ್ನು ಮೂಗಿಗೆ ಹಿಡಿದರು.

“ಕರ್ಪೂರದ ವಾಸನಿ ಅದ. ಟರ್ಪಂಟೈನ್ ಸುದಾ. ಇದು ಹಚ್ಚೂದು.”

ನಾನು ಇಸಿದುಕೊಂಡು ಮೂಸಿದೆ. ಏನೂ ತಿಳಿಯಲಿಲ್ಲ. ಮುದುಕರಿಗೆ ಸುರಿದಾಗಿನಿಂದ ಕೋಣೆಯೆಲ್ಲ ಅದೇ ವಾಸನೆಯಾಗಿ, ನನ್ನ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಗಳಕ್ಕೆ ಹೋಗಿ ನಾಲ್ಕು ನಿಮಿಷ ನಿಂತು ಬಂದು ಮತ್ತೆ ಮೂಸಿದೆ. ಆಗ ಬಂತು, ಕಣ್ಣಲ್ಲಿ ನೀರು ಬರುವಷ್ಟು. ಇಂದಿಗೂ ಕೆಲವೊಮ್ಮೆ ನನ್ನ ಅಕ್ಷರದ ಆ ಚೀಟಿ ಕಣ್ಣ ಮುಂದೆ ಬರುತ್ತದೆ. ಒಂದು ಹನಿಯೂ ಬಾಯಿಗೆ ಹೋಗಬಾರದ್ದರ ಮೇಲೆ ಎಷ್ಟು ದುಂಡಗೆ ಬರೆದಿದ್ದೆ.

ನರ್ಸಮ್ಮ ಬಾಟಲಿಯಲ್ಲಿದ್ದುದನ್ನು ಚೆಲ್ಲಿ, ಬೇರೆ ಬಾಟಲಿಗೆ ಸರಿಯಾದ ಔಷಧ ತುಂಬಿದರು. ಎಣ್ಣೆಯ ಜಾಡಿಯನ್ನು ಆಚೆಯ ಕಪಾಟಿಗೆ ಸಾಗಿಸಿದರು. ಕಿಟಕಿಯಲ್ಲಿ ತಾಯಿ, “ಇಷ್ಟೊತ್ತು ಯಾಕ್ರಿ? ನಮ್ಮ ಬಾಟ್ಲಿ ಎಲ್ಲಿ ಅದರಿ?” ಎಂದು ಬೈದಳು. ನರ್ಸಮ್ಮ ಹೊಸ ಬಾಟಲಿಯನ್ನು ಅವಳ ಕೈಗಿಟ್ಟು ಮುಂದಿನ ಹೆಸರು ಕರೆದರು.

ಮರುದಿನ ಹತ್ತು ಹೊಡೆದಾಗ ಕಾಂಪೌಂಡರ್ ತಾವಾಗಿ ಎದ್ದರು. ಕೈಯಲ್ಲಿದ್ದ ಬಾಟಲಿ ಮುಗಿಸಿ, ಜಾಡಿಯ ಮುಚ್ಚಳ ಹಾಕಿ, ಜಾಗವನ್ನು ನರ್ಸಮ್ಮನಿಗೆ ಬಿಟ್ಟು ಅಂಗಳಕ್ಕೆ ಹೋದರು. ಹಿಂತಿರುಗಿ ಕಿಟಕಿಗೆ ಬರುತ್ತ ನನಗೆ ಹೇಳಿದರು:

“ಬಿ.ಎ. ಸಾಹೇಬ್ರ, ಮೊದಲು ಹೊರಗ ಹೋಗಿ ಗಾಳಿ ಕುಡದು ಬರ್ರಿ. ನಾ ಹೋಗಿ ಬಂದೇನಿ.”