ಎರಡು ಮರದಲ್ಲೂ ಇಲ್ಲದ ಜೋಡಿ

ಹೆಮ್ಮಾಡಿಯ ಕುಸುಮಾವತಿಯವರ ಮುತ್ತಜ್ಜಿ ಅಮ್ಮಣ್ಣಿ, ಉಪ್ಪುನೀರು ನುಗ್ಗುತ್ತಿದ್ದ ಗದ್ದೆಗೆ ದಂಡೆ ಕಟ್ಟಿಸಿ ಭತ್ತ ಬೆಳೆದ ಗಟ್ಟಿಗಿತ್ತಿ. ಆಕೆಯ ಅಣ್ಣ ಶೀನ ಶೆಟ್ಟರು ಪಟೇಲರೆದುರೂ ಮುಂಡಾಸು ತೆಗೆಯದವರು. ಅಜ್ಜಿ ಚಂದು ಮಕ್ಕಳನ್ನೂ ಕೋಣಗಳನ್ನೂ ಒಂದೇ ಗದರಿಕೆಯಲ್ಲಿ ಸಾಕಿದವಳು. ಹೀಗೆ ತಾಯಿಯ ಸಾಲಿನ ಹೆಸರುಗಳೇ ತುಂಬಿದ ವಂಶವೃಕ್ಷವನ್ನು ಮೂಲಮನೆಯ ಹಿರಿಯರಿಂದ ಬರೆಸಿಕೊಂಡು, ಕುಸುಮಾವತಿ ಕುಂದಾಪುರದಲ್ಲಿ ತೆರಿಗೆ ಕೆಲಸ ಮಾಡಿಕೊಡುವ ರಂಜನನ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ಗಂಡನ ಅಕ್ಕನ ಮಗ ಪ್ರೇಮಾನಂದ.

ಗಂಡ ಚಂದಯ್ಯ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದರು. ಠೇವಣಿಯ ಬಡ್ಡಿಯಲ್ಲಿ ಮುರಿದುಕೊಂಡ ತೆರಿಗೆ ವಾಪಸು ಬರಲೆಂದು ರಿಟರ್ನ್ ಸಲ್ಲಿಸಿ, ಅದು ಬರುವ ಮೊದಲೇ ತೀರಿಹೋದರು. ಅವರ ಬ್ಯಾಂಕ್ ಖಾತೆ ಮುಚ್ಚಿದ್ದರಿಂದ ದುಡ್ಡು ಬಂದ ದಾರಿಯಲ್ಲೇ ತಿರುಗಿ ಹೋಗಿತ್ತು. ದೊಡ್ಡ ಮೊತ್ತವೇನಲ್ಲ, ಆದರೂ ಗಂಡನ ಕೊನೆಯ ಗಳಿಕೆ ತಮ್ಮ ಕೈಗೇ ಬರಬೇಕೆಂಬುದು ಕುಸುಮಾವತಿಯವರ ಹಠ.

ರಂಜನ್ ಕಾಗದವನ್ನು ಹಿಂದೆಮುಂದೆ ತಿರುಗಿಸಿದ. "ಕುಸುಮಕ್ಕ, ಮರ ಲಾಯ್ಕಿತ್ತ್. ಚಂದಯ್ಯಣ್ಣ ಯಾವ ಕೊಂಬಿಯಗಿದ್ರ್?"

"ಅವ್ರ್ ಇದ್ರಗ್ ಹ್ಯಾಂಗ್ ಬತ್ರ್? ಅವ್ರ್ ಕುಟುಂಬ ಬೇರೆ ಅಲ್ದಾ?"

"ಮಾವ ಇದ್ರಗಿದ್ರ್," ಎಂದು ಪ್ರೇಮಾನಂದ ಜೇಬಿನಿಂದ ಇನ್ನೊಂದು ಮರ ತೆಗೆದ. ಅಲ್ಲಿ ಚಂದಯ್ಯ ಇದ್ದರು, ಅವರ ತಾಯಿ, ಅಕ್ಕ ಇದ್ದರು, ಅಕ್ಕನ ಮಗ ಪ್ರೇಮಾನಂದನೂ ಇದ್ದ.

ಕುಸುಮಾವತಿ ಕನ್ನಡಕ ಏರಿಸಿ ಬುಡದಿಂದ ತುದಿಯವರೆಗೆ ಹುಡುಕಿದರು. "ಇಷ್ಟ್ ವರ್ಷ ಗಂಜಿ ಬಡ್ಸಿದ್ ನಾನ್ ಎಲ್ಲಿದ್ದೆ ಮರಾಯ?"

"ಮಾವನ ಆಸ್ತಿ ಅಕ್ಕನ ಮಗಂಗೆ ಅಂಬ ಅಳಿಯಕಟ್ಟಿನ ಲೆಕ್ಕದಗೆ ವಾರಸುದಾರ ನಾನೇ ಅತ್ತೆ," ಎಂದು ಅವನು ನಕ್ಕ.

"ಆ ಲೆಕ್ಕ ಕುಟುಂಬದ ದೈವದ ಪೂಜೆಗಿರ್ಲಿ," ಎಂದ ರಂಜನ್. "ಚಂದಯ್ಯಣ್ಣಂಗೆ ಮಕ್ಕಳೂ ಇಲ್ಲ, ತಾಯಿಯೂ ಈಗಿಲ್ಲ. ಈಗಿನ ಕಾನೂನಗೆ ಹಾಂಗಿದ್ರೆ ಹೆಂಡ್ತಿಯೇ ವಾರಸುದಾರಿ. ಈ ಎರಡ್ ಮರವೂ ಇಲ್ಲಿಗೆ ಬ್ಯಾಡ. ನಾಡಕಚೇರಿಯಗೆ ಅರ್ಜಿ ಹಾಕಿ, 'ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ' ತಕಂಡ್ ಬನ್ನಿ."

"ನಾನ್ ಬದ್ಕಿದ್ದೆ ಅಂದ್ ಸರ್ಕಾರ ಹೇಳ್ಕಾ?"

"ಹೇಳ್ಕ್. ಮರಣ ಪ್ರಮಾಣಪತ್ರ, ನಿಮ್ ಇಬ್ರದ್ದೂ ಪ್ಯಾನ್ ಕಾರ್ಡ್ ಬೇಕ್. ಮುಂದೆ ಯಾರಾರೂ ತಕರಾರ್ ತೆಗದ್ರೆ ನಾನೇ ಜವಾಬ್ದಾರಿ ಅಂಬ ಮುಚ್ಚಳಿಕೆಯೂ ಇದ್ರೆ ಒಳ್ಳೇದ್. ಇಲಾಖೆಯ ವೆಬ್‌ಸೈಟಗೆ ನಿಮ್ ಹೆಸ್ರಗೇ ವಾರಸುದಾರಿ ಅಂದ್ ನೋಂದಣಿಗೆ ಹಾಕುವ. ಅವ್ರ್ ಒಪ್ಪಿದ್ ಮೇಲೆ ನಿಮ್ ಖಾತೆ ಕೊಟ್ಟ್ ರಿಫಂಡ್ ಮತ್ತೆ ಕೇಂಬುದ್."

ಕುಸುಮಾವತಿ ಎರಡೂ ಮರಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಒಂದರ ಅಕ್ಷರ ಇನ್ನೊಂದರಲ್ಲಿ ಮೂಡಿತು. ಆದರೂ ಅವರ ಹೆಸರು ಒಂದು ಮೂಲೆ, ಗಂಡನದು ಇನ್ನೊಂದು ಮೂಲೆ.

"ನೀವ್ ಮನೆಗ್ ಕೂಕಣಿ ಅತ್ತೆ," ಎಂದ ಪ್ರೇಮಾನಂದ. "ನಾಡಕಚೇರಿಗೆ ನಾ ಹೋತೆ."

"ಬ್ಯಾಡ ಮಗ. ನೀ ಹೋರೆ ಮತ್ತೊಂದ್ ಮರ ಹೊತ್ಕಂಡ್ ಬತ್ತೆ. ಅವ್ರ್ ಹೆಸ್ರಿನ್ ಹತ್ರ ನನ್ ಹೆಸ್ರ್ ಬರೂದ್ ನಾನೇ ಕಾಣ್ಕ್."